REPT ಬಳಸಿ ಸೆಲ್‌ನೊಳಗೆ ನಕ್ಷತ್ರ ಮತ್ತು ಪಟ್ಟಿ: ನಾಲ್ಕೇ ನಕ್ಷತ್ರ ಏಕೆ ಬರುತ್ತದೆ?

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮದೊಂದು ಹೋಂಸ್ಟೇ ಇದೆ, ನಾಲ್ಕು ಕೋಣೆಗಳು. ಎಕ್ಸೆಲ್‌ನಲ್ಲಿ A ಕಾಲಂನಲ್ಲಿ ಕೋಣೆಯ ಹೆಸರು, B ಯಲ್ಲಿ ಅತಿಥಿಗಳು ಕೊಟ್ಟ ಅಂಕಗಳ ಸರಾಸರಿ, C ಯಲ್ಲಿ ವರ್ಷದ ಆದಾಯ ಇಟ್ಟಿದ್ದೇನೆ. ಮಲ್ಲಿಗೆ 4.4 ಮತ್ತು 5,30,000, ಸಂಪಿಗೆ 3.5 ಮತ್ತು 4,10,000, ಸೇವಂತಿಗೆ 3.6 ಮತ್ತು 2,42,500. ಹೊಸದಾಗಿ ತೆರೆದ ಪಾರಿಜಾತಕ್ಕೆ ಇನ್ನೂ ಅಂಕ ಬಂದಿಲ್ಲ, ಆದಾಯ 22,500. ನಕ್ಷತ್ರಕ್ಕೆ `=REPT("★",B2)&REPT("☆",5-B2)` ಎಂದು ಹಾಕಿದೆ; ಐದರ ಬದಲು ನಾಲ್ಕೇ ಬರುತ್ತಿವೆ, ಪಾರಿಜಾತಕ್ಕೆ ಮಾತ್ರ ಐದು ಖಾಲಿ ನಕ್ಷತ್ರ. ಆದಾಯಕ್ಕೆ `=REPT("█",C2)` ಹಾಕಿದರೆ ಪಾರಿಜಾತಕ್ಕೆ ಉದ್ದನೆಯ ಪಟ್ಟಿ ಬರುತ್ತದೆ, ಉಳಿದ ಮೂರಕ್ಕೆ #VALUE! ಎನ್ನುತ್ತದೆ. ಎಲ್ಲಿ ತಪ್ಪಿದ್ದೇನೆ?

ಉತ್ತರ: REPT ಫಂಕ್ಷನ್‌ಗೆ ತಿಳಿದಿರುವುದು ಒಂದೇ ಕೆಲಸ: ಕೊಟ್ಟ ಅಕ್ಷರವನ್ನು ಕೊಟ್ಟಷ್ಟು ಸಲ ಸಾಲಾಗಿ ಬರೆಯುವುದು. ಅದಕ್ಕೆ ಅಂಕವೂ ಗೊತ್ತಿಲ್ಲ, ರೂಪಾಯಿಯೂ ಗೊತ್ತಿಲ್ಲ. ಎಷ್ಟು ಸಲ ಎಂಬ ಜಾಗದಲ್ಲಿ ದಶಮಾಂಶ ಇದ್ದರೆ ಅದು ಹತ್ತಿರದ ಪೂರ್ಣಾಂಕಕ್ಕೆ ಹೊಂದಿಸುವುದಿಲ್ಲ, ದಶಮಾಂಶದ ಭಾಗವನ್ನು ಕತ್ತರಿಸಿ ಬಿಸಾಡುತ್ತದೆ, 4.4 ಕೂಡ 4, 4.9 ಕೂಡ 4. ನಿಮ್ಮ ನಕ್ಷತ್ರದ ತೊಂದರೆ ಹುಟ್ಟುವುದು ಇಲ್ಲಿಯೇ.

ಮಲ್ಲಿಗೆಯ ಸಾಲನ್ನು ನೋಡಿ. ಮೊದಲ REPT ಗೆ ಸಿಗುವುದು 4.4, ಅದು ನಾಲ್ಕು ತುಂಬಿದ ನಕ್ಷತ್ರಗಳನ್ನು ಬರೆಯುತ್ತದೆ. ಎರಡನೆಯದಕ್ಕೆ ಸಿಗುವುದು 5 ರಲ್ಲಿ 4.4 ಕಳೆದ 0.6, ಅದು ಸೊನ್ನೆಯಾಗುತ್ತದೆ. ಹೀಗಾಗಿ ಒಂದೂ ಖಾಲಿ ನಕ್ಷತ್ರ ಬರುವುದಿಲ್ಲ. ಸಂಪಿಗೆಯಲ್ಲಿ 3.5 ಮೂರಾಗುತ್ತದೆ, ಉಳಿದ 1.5 ಒಂದಾಗುತ್ತದೆ, ಒಟ್ಟು ನಾಲ್ಕು. ಸೇವಂತಿಗೆಯಲ್ಲಿಯೂ ಮೂರು ಮತ್ತು ಒಂದು. ದಶಮಾಂಶವಿರುವ ಯಾವ ಅಂಕ ಕೊಟ್ಟರೂ ಎರಡೂ ಕಡೆ ಚೂರು ಕತ್ತರಿಸಿಹೋಗಿ ಒಟ್ಟು ನಾಲ್ಕೇ ಉಳಿಯುತ್ತದೆ. ಅಂಕ ಪೂರ್ಣಾಂಕವಾಗಿದ್ದಾಗ ಮಾತ್ರ ಐದು ಸಿಗುತ್ತದೆ. ಬರಿಯ 1, 2, 3 ಎಂದು ಕೊಟ್ಟು ಪರೀಕ್ಷಿಸಿದವರಿಗೆ ಈ ದೋಷ ಕಾಣದೇ ಇರುವುದಕ್ಕೆ ಇದೇ ಕಾರಣ.

ಇದನ್ನು ಸರಿಪಡಿಸಲು ಹೊರಟವರು ಸಾಮಾನ್ಯವಾಗಿ ಎರಡೂ REPT ಗಳೊಳಗೆ ROUND ಸೇರಿಸುತ್ತಾರೆ, ಅಂದರೆ ಒಂದರಲ್ಲಿ `ROUND(B2,0)`, ಇನ್ನೊಂದರಲ್ಲಿ `ROUND(5-B2,0)`. ಮಲ್ಲಿಗೆ ಸರಿಹೋಗುತ್ತದೆ, ಸೇವಂತಿಗೆಯೂ ಸರಿಹೋಗುತ್ತದೆ, ಆದರೆ ಸಂಪಿಗೆಗೆ ಆರು ನಕ್ಷತ್ರಗಳು ಬರುತ್ತವೆ. 3.5 ಮೇಲಕ್ಕೆ ಹೋಗಿ 4 ಆಗುತ್ತದೆ, ಉಳಿದ 1.5 ಕೂಡ ಮೇಲಕ್ಕೆ ಹೋಗಿ 2 ಆಗುತ್ತದೆ. ಸರಿಯಾಗಿ ಅರ್ಧದಲ್ಲಿ ನಿಂತ ಅಂಕಗಳಿಗೆ ಮಾತ್ರ ಹೀಗಾಗುವುದರಿಂದ ಈ ತಪ್ಪು ತಿಂಗಳುಗಟ್ಟಲೆ ಕಣ್ಣಿಗೆ ಬೀಳದೆ ಉಳಿಯಬಹುದು. ಅಂಕವನ್ನು ಒಮ್ಮೆ ಮಾತ್ರ ಪೂರ್ಣಾಂಕ ಮಾಡಿ, ಆಮೇಲೆ ಅದೇ ಪೂರ್ಣಾಂಕವನ್ನು ಐದರಿಂದ ಕಳೆಯುವುದು ಸರಿಯಾದ ಕ್ರಮ:

```
=REPT("★",ROUND(B2,0))&REPT("☆",5-ROUND(B2,0))
```

ಈಗ ಎಲ್ಲ ಸಾಲುಗಳಲ್ಲಿಯೂ ಐದು ನಕ್ಷತ್ರಗಳು ಇರುತ್ತವೆ. ಆದರೆ ಫಲಿತಾಂಶವನ್ನು ಇನ್ನೊಮ್ಮೆ ನೋಡಿ: 4.4, 3.5, 3.6 ಮೂರಕ್ಕೂ ನಾಲ್ಕು ತುಂಬಿದ ನಕ್ಷತ್ರಗಳೇ ಬಂದಿರುತ್ತವೆ. ಅತಿಥಿಗಳು ಮೆಚ್ಚಿದ ಕೋಣೆಗೂ ಅಷ್ಟಾಗಿ ಮೆಚ್ಚದ ಕೋಣೆಗೂ ವ್ಯತ್ಯಾಸವೇ ಕಾಣದಿದ್ದರೆ ಆ ಕಾಲಂನಿಂದ ನಿಮಗೆ ಪ್ರಯೋಜನವಿಲ್ಲ. ಸರಾಸರಿ ಅಂಕಗಳಿಗೆ ಅರ್ಧ ನಕ್ಷತ್ರ ಬೇಕೇ ಬೇಕು ಎಂಬುದು ನನ್ನ ಅಭಿಪ್ರಾಯ. ಯೂನಿಕೋಡ್‌ನಲ್ಲಿ ಅರ್ಧ ತುಂಬಿದ ನಕ್ಷತ್ರದ ಚಿಹ್ನೆಯೂ ಇದೆ, ಆದರೆ ಅದು ಬಹಳಷ್ಟು ಫಾಂಟ್‌ಗಳಲ್ಲಿ ಇಲ್ಲದ ಕಾರಣ ಕೆಲವು ಕಂಪ್ಯೂಟರ್‌ಗಳಲ್ಲಿ ಖಾಲಿ ಚೌಕವಾಗಿ ಕಾಣುತ್ತದೆ. ಅದರ ಬದಲು ½ ಚಿಹ್ನೆಯನ್ನು ಬಳಸಿದರೆ ಎಲ್ಲ ಕಡೆಯೂ ಓದಲು ಬರುತ್ತದೆ.

```
=LET(h,ROUND(B2*2,0)/2,
 REPT("★",INT(h))&IF(MOD(h,1)=0,"","½")&REPT("☆",5-ROUNDUP(h,0)))
```

ಇಲ್ಲಿ h ಎಂಬುದು ಹತ್ತಿರದ ಅರ್ಧಕ್ಕೆ ಹೊಂದಿಸಿದ ಅಂಕ. ಅಂಕವನ್ನು ಎರಡರಿಂದ ಗುಣಿಸಿ, ಪೂರ್ಣಾಂಕ ಮಾಡಿ, ಮತ್ತೆ ಎರಡರಿಂದ ಭಾಗಿಸಿದರೆ ಅದು ಸಿಗುತ್ತದೆ. 4.4 ಕ್ಕೆ 8.8, ಅದು 9, ಅದರ ಅರ್ಧ 4.5, ಆದ್ದರಿಂದ ಮಲ್ಲಿಗೆಗೆ ★★★★½ ಬರುತ್ತದೆ. 3.5 ಮತ್ತು 3.6 ಎರಡೂ 3.5 ಆಗಿ ★★★½☆ ಎಂದು ತೋರುತ್ತವೆ. ಸಂಪಿಗೆ ಮತ್ತು ಸೇವಂತಿಗೆಯ ಅಂಕಗಳು ನಿಜಕ್ಕೂ ಅಷ್ಟು ಹತ್ತಿರ ಇರುವುದರಿಂದ ಅವು ಒಂದೇ ರೀತಿ ಕಾಣುವುದು ತಪ್ಪಲ್ಲ. ಮೂರು ಭಾಗಗಳೂ ಒಂದೇ h ನಿಂದ ಲೆಕ್ಕ ಹಾಕುವುದರಿಂದ ಒಟ್ಟು ಚಿಹ್ನೆಗಳು ಯಾವಾಗಲೂ ಐದೇ ಇರುತ್ತವೆ. LET ಎಂಬುದು ಎಕ್ಸೆಲ್ 2021 ಮತ್ತು ಮೈಕ್ರೋಸಾಫ್ಟ್ 365 ರಲ್ಲಿಯೂ ಗೂಗಲ್ ಶೀಟ್ಸ್‌ನಲ್ಲಿಯೂ ಇದೆ. ನಿಮ್ಮದು ಹಳೆಯ ಆವೃತ್ತಿಯಾಗಿದ್ದರೆ `=ROUND(B2*2,0)/2` ಎಂಬುದನ್ನು ಪಕ್ಕದ ಒಂದು ಕಾಲಂನಲ್ಲಿ ಬರೆದು, ಫಾರ್ಮುಲಾದಲ್ಲಿ h ಇರುವ ಕಡೆಗಳಲ್ಲಿ ಆ ಸೆಲ್‌ನ ವಿಳಾಸ ಕೊಡಿ. ಬೇಕಿದ್ದರೆ ಆ ಕಾಲಂ ಅನ್ನು ಮರೆಮಾಡಬಹುದು.

ಪಾರಿಜಾತದ ಐದು ಖಾಲಿ ನಕ್ಷತ್ರಗಳು ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಗಂಭೀರವಾದ ತಪ್ಪು. ಖಾಲಿ ಸೆಲ್ ಅನ್ನು ಎಕ್ಸೆಲ್ ಸೊನ್ನೆ ಎಂದು ಎಣಿಸುತ್ತದೆ, ಸೊನ್ನೆ ಸಲ ಬರೆದರೆ ಏನೂ ಬರುವುದಿಲ್ಲ, ಉಳಿದ ಐದೂ ಖಾಲಿ ನಕ್ಷತ್ರಗಳಾಗುತ್ತವೆ. ಅಂಕವೇ ಬಾರದ ಕೋಣೆ, ನೋಡುವವರ ಕಣ್ಣಿಗೆ ಅತ್ಯಂತ ಕೆಟ್ಟ ಅಂಕ ಪಡೆದ ಕೋಣೆಯಾಗಿ ಕಾಣುತ್ತದೆ. ಆದ್ದರಿಂದ ಮೇಲಿನ ಫಾರ್ಮುಲಾವನ್ನು ಒಂದು IF ಒಳಗೆ ಇರಿಸಿ:

```
=IF(ISNUMBER(B2), ನಕ್ಷತ್ರದ_ಫಾರ್ಮುಲಾ, "ಅಂಕ ಬಂದಿಲ್ಲ")
```

`ನಕ್ಷತ್ರದ_ಫಾರ್ಮುಲಾ` ಎಂಬಲ್ಲಿ LET ನಿಂದ ಶುರುವಾಗುವ ಭಾಗವನ್ನು ಸಮ ಚಿಹ್ನೆ ಬಿಟ್ಟು ಸೇರಿಸಬೇಕು. `B2=""` ಎಂದು ಪರೀಕ್ಷಿಸುವ ಬದಲು ISNUMBER ಬಳಸುವುದಕ್ಕೆ ಇನ್ನೊಂದು ಕಾರಣವಿದೆ. ಬೇರೆ ಕಡೆಯಿಂದ ನಕಲು ಮಾಡಿ ಅಂಟಿಸಿದಾಗ ಅಂಕಗಳು ಕೆಲವೊಮ್ಮೆ ಸಂಖ್ಯೆಯಾಗಿ ಬಾರದೆ ಪಠ್ಯವಾಗಿ ಬಂದು ಕೂರುತ್ತವೆ. ಪಠ್ಯವಾಗಿರುವ "4" ಅನ್ನು REPT ತಾನೇ ಸಂಖ್ಯೆಯಾಗಿ ಓದಿಕೊಂಡು ನಾಲ್ಕು ನಕ್ಷತ್ರಗಳನ್ನು ಸರಿಯಾಗಿಯೇ ಬರೆಯುತ್ತದೆ, ಆದರೆ ಆ ಕಾಲಂನ ಮೇಲೆ AVERAGE ಹಾಕಿದರೆ ಅದು ಆ ಸೆಲ್ ಅನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಕ್ಷತ್ರಗಳು ಸರಿಯಾಗಿ ಕಾಣುತ್ತಿರುವುದರಿಂದ ಸರಾಸರಿ ತಪ್ಪಿದೆ ಎಂಬ ಸಂಶಯವೂ ಬರುವುದಿಲ್ಲ. ISNUMBER ಇದ್ದರೆ ಅಂಥ ಸಾಲಿನಲ್ಲಿ "ಅಂಕ ಬಂದಿಲ್ಲ" ಎಂದು ತೋರುತ್ತದೆ. ಅಂಕ ಎದುರಿಗೇ ಇದ್ದೂ ಹೀಗೆ ತೋರಿದರೆ ಅದು ಪಠ್ಯವಾಗಿದೆ ಎಂದು ತಿಳಿದುಕೊಳ್ಳಬಹುದು.

ಅಂಕ ಐದನ್ನು ಮೀರಿದರೆ, ಉದಾಹರಣೆಗೆ 4.5 ಎಂದು ಬರೆಯುವಾಗ ಚುಕ್ಕಿ ತಪ್ಪಿ 45 ಆದರೆ, ಖಾಲಿ ನಕ್ಷತ್ರಗಳ ಸಂಖ್ಯೆ ಋಣ ಸಂಖ್ಯೆಯಾಗಿ #VALUE! ಬರುತ್ತದೆ. ಇದನ್ನು MIN ಹಾಕಿ ಐದಕ್ಕೆ ತಡೆಯಬಹುದು, ಆದರೆ ಹಾಗೆ ಮಾಡಬೇಡಿ ಎಂದೇ ನಾನು ಹೇಳುತ್ತೇನೆ. ಬರೆಯುವಾಗ ಆದ ತಪ್ಪು ಐದು ನಕ್ಷತ್ರಗಳಾಗಿ ಅಡಗಿ ಕೂರುವುದಕ್ಕಿಂತ ದೋಷವಾಗಿಯೇ ಎದ್ದು ಕಾಣುವುದು ಒಳ್ಳೆಯದು.

ಇನ್ನು ಆದಾಯದ ಪಟ್ಟಿಯ ವಿಚಾರಕ್ಕೆ ಬರೋಣ. `REPT("█",C2)` ಎಂದರೆ ಒಂದು ರೂಪಾಯಿಗೆ ಒಂದು ಚೌಕ ಬರೆಯಿರಿ ಎಂದರ್ಥ. ಎಕ್ಸೆಲ್‌ನ ಒಂದು ಸೆಲ್ 32,767 ಕ್ಕಿಂತ ಹೆಚ್ಚು ಅಕ್ಷರಗಳನ್ನು ಹಿಡಿಯುವುದಿಲ್ಲ, REPT ನ ಉತ್ತರ ಅದನ್ನು ಮೀರಿದರೆ #VALUE! ಬರುತ್ತದೆ. ಪಾರಿಜಾತದ 22,500 ಈ ಮಿತಿಯ ಒಳಗಿದೆ, ಉಳಿದ ಮೂರೂ ಮೀರಿವೆ. ಅದಕ್ಕೇ ಅತಿ ಕಡಿಮೆ ಆದಾಯದ ಕೋಣೆಗೆ ಮಾತ್ರ ಪಟ್ಟಿ ಬಂದಿದೆ. ಫಾರ್ಮುಲಾ ಬರೆಯುವ ಮೊದಲು ಒಂದು ಚೌಕ ಎಂದರೆ ಎಷ್ಟು ರೂಪಾಯಿ ಎಂದು ನೀವು ತೀರ್ಮಾನಿಸಬೇಕು.

ಅಂತರ್ಜಾಲದಲ್ಲಿ ಹೆಚ್ಚಾಗಿ ಸಿಗುವ ವಿಧಾನವೆಂದರೆ ಅತಿ ದೊಡ್ಡ ಮೊತ್ತಕ್ಕೆ ಇಪ್ಪತ್ತು ಚೌಕ ಕೊಟ್ಟು, ಉಳಿದವನ್ನು ಅದಕ್ಕೆ ಅನುಪಾತವಾಗಿ ಅಳೆಯುವುದು:

```
=REPT("█",ROUND(C2/MAX(C$2:C$5)*20,0))
```

ಇದರಲ್ಲಿ ಡಾಲರ್ ಚಿಹ್ನೆಗಳನ್ನು ಮರೆಯಬೇಡಿ. ಅವಿಲ್ಲದೆ ಫಾರ್ಮುಲಾವನ್ನು ಕೆಳಕ್ಕೆ ಎಳೆದರೆ ವ್ಯಾಪ್ತಿಯೂ ಒಂದೊಂದೇ ಸಾಲು ಕೆಳಕ್ಕೆ ಜಾರುತ್ತದೆ, ಮೂರನೆಯ ಸಾಲಿನಲ್ಲಿ C3:C6, ನಾಲ್ಕನೆಯದರಲ್ಲಿ C4:C7 ಎಂದಾಗುತ್ತದೆ. ನಿಮ್ಮ ಹಾಳೆಯಲ್ಲಿ ಆದಾಯಗಳು ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಕ್ರಮದಲ್ಲಿ ಇರುವುದರಿಂದ ಪ್ರತಿ ಸಾಲೂ ತನ್ನ ವ್ಯಾಪ್ತಿಯಲ್ಲಿ ತಾನೇ ದೊಡ್ಡದಾಗಿ, ನಾಲ್ಕೂ ಕೋಣೆಗಳಿಗೆ ಇಪ್ಪತ್ತು ಚೌಕಗಳ ಒಂದೇ ಉದ್ದದ ಪಟ್ಟಿ ಬರುತ್ತದೆ. ಕ್ರಮ ಹೇಗೇ ಇರಲಿ, ಕೊನೆಯ ಸಾಲು ಕಾರಣವಿಲ್ಲದೆ ಪೂರ್ತಿ ತುಂಬಿ ನಿಂತಿದ್ದರೆ ಮೊದಲು ಡಾಲರ್ ಚಿಹ್ನೆ ಇದೆಯೇ ಎಂದು ನೋಡಿ.

ಡಾಲರ್ ಸರಿಯಾಗಿದ್ದರೂ ಈ ವಿಧಾನದಲ್ಲಿ ಒಂದು ಮಿತಿ ಉಳಿಯುತ್ತದೆ. ಈ ವರ್ಷ ಸೇವಂತಿಗೆಗೆ 9 ಚೌಕಗಳು ಬರುತ್ತವೆ. ಮುಂದಿನ ವರ್ಷ ಮಲ್ಲಿಗೆ ಕೋಣೆ ದುರಸ್ತಿಗೆಂದು ಆರು ತಿಂಗಳು ಮುಚ್ಚಿ, ಅದರ ಆದಾಯ 2,65,000 ಕ್ಕೆ ಇಳಿಯಿತು, ಉಳಿದವು ಇದ್ದಂತೆಯೇ ಇದ್ದವು ಎಂದುಕೊಳ್ಳಿ. ಆಗ ಅತಿ ದೊಡ್ಡ ಮೊತ್ತ ಸಂಪಿಗೆಯ 4,10,000 ಆಗುತ್ತದೆ, ಸೇವಂತಿಗೆಯ ಪಟ್ಟಿ 12 ಚೌಕಗಳಿಗೆ ಬೆಳೆಯುತ್ತದೆ. ಸೇವಂತಿಗೆಯಲ್ಲಿ ಒಂದು ರೂಪಾಯಿಯೂ ಹೆಚ್ಚಾಗಿಲ್ಲ, ಆದರೆ ಎರಡು ವರ್ಷಗಳ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದವರು ಅದು ಮೇಲೆ ಬರುತ್ತಿದೆ ಎಂದೇ ಓದುತ್ತಾರೆ. ಹಾಗಾಗಿ ನಿಮ್ಮಂತೆ ಮೊತ್ತಗಳ ವ್ಯಾಪ್ತಿ ಹೆಚ್ಚುಕಡಿಮೆ ಗೊತ್ತಿರುವವರಿಗೆ ನಾನು ಸೂಚಿಸುವುದು ಸ್ಥಿರವಾದ ಅಳತೆಯನ್ನು. ಒಂದು ಚೌಕಕ್ಕೆ 25,000 ರೂಪಾಯಿ ಎಂದಿಟ್ಟುಕೊಂಡು ಕಾಲಂನ ತಲೆಯಲ್ಲಿಯೇ ಅದನ್ನು ಬರೆದುಬಿಡಿ:

```
=REPT("█",ROUND(C2/25000,0))
```

ಮಲ್ಲಿಗೆಗೆ 21, ಸಂಪಿಗೆಗೆ 16, ಸೇವಂತಿಗೆಗೆ 10, ಪಾರಿಜಾತಕ್ಕೆ 1 ಚೌಕ ಬರುತ್ತದೆ. ಇಲ್ಲಿಯೂ ROUND ಅನ್ನು ಬಿಡುವಂತಿಲ್ಲ, ಏಕೆಂದರೆ ಪಾರಿಜಾತದ ಲೆಕ್ಕ 0.9, ಅದನ್ನು REPT ಗೆ ಹಾಗೆಯೇ ಬಿಟ್ಟರೆ ಕತ್ತರಿಸಿ ಸೊನ್ನೆ ಮಾಡುತ್ತದೆ, ಇಪ್ಪತ್ತೆರಡೂವರೆ ಸಾವಿರ ಸಂಪಾದಿಸಿದ ಕೋಣೆಯ ಮುಂದೆ ಏನೂ ಇಲ್ಲದಂತಾಗುತ್ತದೆ.

ಚೌಕಗಳ ಒರಟು ಅಳತೆ ಸಾಲದೆನಿಸಿದರೆ ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಯೂನಿಕೋಡ್‌ನಲ್ಲಿ ತುಂಬಿದ ಚೌಕ 9608 ನೆಯ ಸ್ಥಾನದಲ್ಲಿದೆ. ಅದರ ಮುಂದಿನ 9609 ರಿಂದ 9615 ರವರೆಗೆ ಎಡಗಡೆಯಿಂದ ಎಂಟನೆಯ ಏಳು ಭಾಗ, ಆರು ಭಾಗ ಎಂದು ಇಳಿಯುತ್ತ ಎಂಟನೆಯ ಒಂದು ಭಾಗದವರೆಗೆ ತುಂಬಿದ ಚಿಹ್ನೆಗಳು ಸಾಲಾಗಿವೆ. ಮೊತ್ತವನ್ನು ಚೌಕದ ಎಂಟನೆಯ ಭಾಗಗಳಲ್ಲಿ ಲೆಕ್ಕ ಹಾಕಿ, ಪೂರ್ತಿ ಚೌಕಗಳನ್ನು REPT ಗೂ ಉಳಿದ ಚೂರನ್ನು UNICHAR ಗೂ ಕೊಟ್ಟರೆ ಆಯಿತು.

```
=LET(e,ROUND(C2/25000*8,0),
 REPT("█",INT(e/8))&IF(MOD(e,8)=0,"",UNICHAR(9616-MOD(e,8))))
```

ಸಂಪಿಗೆಯ ಲೆಕ್ಕ ಮಾಡಿ ನೋಡೋಣ. 4,10,000 ಎಂದರೆ 16.4 ಚೌಕ, ಎಂಟನೆಯ ಭಾಗಗಳಲ್ಲಿ 131.2, ಅಂದರೆ 131. ಅದರಲ್ಲಿ 16 ಪೂರ್ತಿ ಚೌಕಗಳಿಗೆ 128 ಹೋಗಿ 3 ಉಳಿಯುತ್ತದೆ. 9616 ರಲ್ಲಿ 3 ಕಳೆದರೆ 9613, ಅದು ಎಂಟರಲ್ಲಿ ಮೂರು ಭಾಗ ತುಂಬಿದ ಚಿಹ್ನೆ. ಪಟ್ಟಿಯ ತುದಿ ಈಗ 3,125 ರೂಪಾಯಿಯ ಹೆಜ್ಜೆಯಲ್ಲಿ ಸರಿಯುತ್ತದೆ. ಎಲ್ಲ ಫಾಂಟ್‌ಗಳಲ್ಲಿಯೂ ಈ ಚೂರುಗಳು ಚೌಕಕ್ಕೆ ಸರಿಯಾಗಿ ಅಂಟಿ ನಿಲ್ಲುವುದಿಲ್ಲ, ಆದ್ದರಿಂದ ನಿಮ್ಮ ಕಂಪ್ಯೂಟರ್‌ನಲ್ಲಿ ಹೇಗೆ ಕಾಣುತ್ತದೆ ಎಂದು ನೋಡಿಕೊಂಡು ಬಳಸಿ. UNICHAR ಫಂಕ್ಷನ್ ಎಕ್ಸೆಲ್ 2013 ರಿಂದ ಈಚೆಗೆ ಇದೆ. ಕೀಲಿಮಣೆಯಲ್ಲಿ ನಕ್ಷತ್ರ ಸಿಗದಿದ್ದರೂ ಅದೇ ನೆರವಿಗೆ ಬರುತ್ತದೆ: UNICHAR(9733) ತುಂಬಿದ ನಕ್ಷತ್ರ, UNICHAR(9734) ಖಾಲಿ ನಕ್ಷತ್ರ. ಮೊಬೈಲ್‌ನಲ್ಲಿ ಸಿಗುವ ಹಳದಿ ಇಮೋಜಿ ನಕ್ಷತ್ರ ಬೇರೆಯೇ ಚಿಹ್ನೆ, ಅದಕ್ಕೆ ಜೊತೆಯಾದ ಖಾಲಿ ನಕ್ಷತ್ರ ಇಲ್ಲದಿರುವುದರಿಂದ ಈ ಕೆಲಸಕ್ಕೆ ಒದಗುವುದಿಲ್ಲ.

ಲೆಕ್ಕ ಸರಿಯಾದ ಮೇಲೆಯೂ ಪರದೆಯ ಮೇಲೆ ಪಟ್ಟಿ ತಪ್ಪು ಉದ್ದ ತೋರಿಸಬಹುದು, ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಕಾಲಂ ಕಿರಿದಾಗಿದ್ದಾಗ ಸಂಖ್ಯೆಯಾದರೆ ಎಕ್ಸೆಲ್ #### ಎಂದು ತೋರಿಸಿ ಎಚ್ಚರಿಸುತ್ತದೆ. ನಮ್ಮ ಪಟ್ಟಿ ಪಠ್ಯವಾದ್ದರಿಂದ ಅಂಥ ಎಚ್ಚರಿಕೆ ಬರುವುದಿಲ್ಲ. ಬಲಗಡೆಯ ಸೆಲ್ ಖಾಲಿ ಇದ್ದರೆ ಪಟ್ಟಿ ಅದರ ಮೇಲೆ ಹರಿಯುತ್ತದೆ, ಅಲ್ಲಿ ಏನಾದರೂ ಬರೆದಿದ್ದರೆ ಗಡಿಯಲ್ಲಿಯೇ ಸದ್ದಿಲ್ಲದೆ ಕತ್ತರಿಸುತ್ತದೆ. ಹದಿನೈದು ಚೌಕಗಳಷ್ಟೇ ಹಿಡಿಯುವ ಕಾಲಂನಲ್ಲಿ ಮಲ್ಲಿಗೆಯ 21 ಮತ್ತು ಸಂಪಿಗೆಯ 16 ಒಂದೇ ಉದ್ದ ಕಾಣುತ್ತವೆ. ಇದನ್ನು ತಪ್ಪಿಸಲು ಅದೇ ಕಾಲಂನ ಯಾವುದಾದರೂ ಒಂದು ಖಾಲಿ ಸೆಲ್‌ನಲ್ಲಿ ತಾತ್ಕಾಲಿಕವಾಗಿ `=REPT("█",24)` ಎಂದು ಬರೆದು, ಕಾಲಂನ ಬಲ ಅಂಚಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ ಅಗಲವನ್ನು ಹೊಂದಿಸಿ, ಆಮೇಲೆ ಆ ಸೆಲ್ ಅನ್ನು ಅಳಿಸಿ. 24 ಚೌಕ ಎಂದರೆ ಆರು ಲಕ್ಷ ರೂಪಾಯಿ, ನಿಮಗೆ ಸದ್ಯಕ್ಕೆ ಅಷ್ಟು ಜಾಗ ಸಾಕು. ಇದೇ ಕಾರಣಕ್ಕೆ Shrink to Fit ಎಂಬ ಆಯ್ಕೆಯನ್ನು ಈ ಕಾಲಂನಲ್ಲಿ ಎಂದೂ ಬಳಸಬೇಡಿ. ಅದು ಉದ್ದನೆಯ ಪಟ್ಟಿ ಇರುವ ಸೆಲ್‌ನ ಅಕ್ಷರಗಳನ್ನು ಮಾತ್ರ ಚಿಕ್ಕದು ಮಾಡುವುದರಿಂದ ಸಾಲಿನಿಂದ ಸಾಲಿಗೆ ಅಳತೆಯೇ ಬದಲಾಗಿಬಿಡುತ್ತದೆ. ಹಾಗೆಯೇ ಇಡೀ ಕಾಲಂಗೆ ಒಂದೇ ಫಾಂಟ್, ಒಂದೇ ಗಾತ್ರ ಇರಬೇಕು. ಒಂದು ಸಾಲನ್ನು ಮಾತ್ರ ದೊಡ್ಡ ಅಕ್ಷರ ಮಾಡಿದರೆ ಅದರ ಪಟ್ಟಿಯೂ ಉದ್ದವಾಗುತ್ತದೆ.

ಫಾಂಟ್ ವಿಚಾರದಲ್ಲಿ ಕನ್ನಡದಲ್ಲಿ ಹಾಳೆ ಮಾಡುವವರು ಇನ್ನೊಂದು ಸಂಗತಿ ತಿಳಿದಿರಬೇಕು. ಕನ್ನಡಕ್ಕೆಂದು ಆರಿಸಿದ ಫಾಂಟ್‌ನಲ್ಲಿ ನಕ್ಷತ್ರದ ಚಿಹ್ನೆ ಇಲ್ಲದಿದ್ದರೆ ಕಂಪ್ಯೂಟರ್ ಅದನ್ನು ಬೇರೊಂದು ಫಾಂಟ್‌ನಿಂದ ತಂದು ತೋರಿಸುತ್ತದೆ. ತುಂಬಿದ ನಕ್ಷತ್ರ ಮತ್ತು ಖಾಲಿ ನಕ್ಷತ್ರದ ಅಗಲ ಬೇರೆ ಬೇರೆಯಾಗಿ ಕಂಡರೆ ಇದೇ ಕಾರಣ ಇರಬಹುದು. ವಿಂಡೋಸ್‌ನಲ್ಲಿ ನಕ್ಷತ್ರದ ಕಾಲಂಗೆ Segoe UI Symbol ಎಂಬ ಫಾಂಟ್ ಕೊಟ್ಟರೆ ಎರಡೂ ಒಂದೇ ಕಡೆಯಿಂದ ಬರುತ್ತವೆ. ಚೌಕದ ಬದಲು ನಿಂತ ಗೆರೆ `|` ಬಳಸಿ, Playbill ಅಥವಾ Stencil ಫಾಂಟ್ ಕೊಟ್ಟು ಗೆರೆಗಳನ್ನು ಒತ್ತಾಗಿಸುವ ಹಳೆಯ ಉಪಾಯವೂ ಉಂಟು. ಆದರೆ ಆ ಫಾಂಟ್ ಇಲ್ಲದ ಮೊಬೈಲ್‌ನಲ್ಲಿ ತೆರೆದರೆ ಬಿಡಿಬಿಡಿಯಾದ ಗೆರೆಗಳಷ್ಟೇ ಉಳಿಯುತ್ತವೆ.

ಈ ಹಾಳೆಯನ್ನು ನೀವು ಎಕ್ಸೆಲ್‌ನಲ್ಲಿಯೇ ನೋಡುವವರಾದರೆ ಆದಾಯದ ಪಟ್ಟಿಗೆ REPT ಬೇಕಾಗಿಯೇ ಇಲ್ಲ. Conditional Formatting ಒಳಗಿನ Data Bars ಸೆಲ್‌ನ ಅಗಲಕ್ಕೆ ತಾನೇ ಹೊಂದಿಕೊಳ್ಳುತ್ತದೆ, ಸಂಖ್ಯೆಯೂ ಸಂಖ್ಯೆಯಾಗಿಯೇ ಉಳಿಯುತ್ತದೆ. ಅದರಲ್ಲಿಯೂ ಗರಿಷ್ಠ ಮಿತಿಯನ್ನು ತಾನಾಗಿ ಆರಿಸಲು ಬಿಡದೆ ಆರು ಲಕ್ಷ ಎಂದು ನೀವೇ ಕೊಡಿ. ಹಾಳೆಯನ್ನು ಗೂಗಲ್ ಶೀಟ್ಸ್‌ಗೂ ಒಯ್ಯಬೇಕು, ಅದರ ಸಾಲುಗಳನ್ನು ಸಂದೇಶದಲ್ಲಿ ಅಂಟಿಸಿ ಮನೆಯವರಿಗೆ ಕಳಿಸಬೇಕು ಎಂದಿದ್ದರೆ ಆಗ REPT ನಿಜಕ್ಕೂ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಅದು ಕೊಡುವುದು ಅಪ್ಪಟ ಪಠ್ಯವನ್ನು. ಪಠ್ಯವಾಗಿರುವುದರಿಂದಲೇ ನಕ್ಷತ್ರದ ಕಾಲಂನ ಮೇಲೆ ಸರಾಸರಿ ತೆಗೆಯಲು ಬರುವುದಿಲ್ಲ. B ಮತ್ತು C ಕಾಲಂಗಳನ್ನು ಅಳಿಸದೆ ಉಳಿಸಿಕೊಂಡು, ವಿಂಗಡಣೆ ಮತ್ತು ಲೆಕ್ಕಗಳನ್ನೆಲ್ಲ ಅವುಗಳ ಮೇಲೆಯೇ ಮಾಡಿ. ಹಾಳೆಯನ್ನು CSV ಆಗಿ ಉಳಿಸುವಾಗ ಪಟ್ಟಿಯಲ್ಲಿ CSV UTF-8 ಎಂಬುದನ್ನೇ ಆರಿಸಿ. ಸಾಮಾನ್ಯ CSV ಆರಿಸಿದರೆ ನಕ್ಷತ್ರಗಳ ಜೊತೆಗೆ ಕೋಣೆಗಳ ಕನ್ನಡ ಹೆಸರುಗಳೂ ಪ್ರಶ್ನಾರ್ಥಕ ಚಿಹ್ನೆಗಳಾಗಿ ಬದಲಾಗುತ್ತವೆ, ಆ ಕಡತವನ್ನು ಮತ್ತೆ ತೆರೆದಾಗ ಅವನ್ನು ಮರಳಿ ಪಡೆಯಲು ಆಗುವುದಿಲ್ಲ.